ಫೋನಲ್ಲಿ 148, ಟಿವಿಲಿ 22: ಒಂದೇ ವೈಫೈ, ಇಷ್ಟು ವ್ಯತ್ಯಾಸ ಎಂತಕ್ಕೆ?

ಮಳೆಗಾಲದ ಮನೆ
ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ ನಮ್ಮನೆ. ಫೈಬರ್ ಲೈನು, 200 ಎಂಬಿಪಿಎಸ್ ಪ್ಲಾನು. ಫೈಬರ್ ತಂತಿ ಜಗಲಿಗೆ ಬಂದು ಮುಟ್ಟೋದು, ಹಾಗಾಗಿ ರೂಟರ್ ಅಲ್ಲೇ ಗೋಡೆ ಮೇಲೆ. ಟಿವಿ ನಡುಮನೆಯಲ್ಲಿ. ನಡುವೆ ಒಂದು ಹಳೇ ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ಜಗಲಿಯಲ್ಲಿ ಫೋನ್ ಹಿಡ್ಕೊಂಡು ಸ್ಪೀಡ್ ಟೆಸ್ಟ್ ಮಾಡಿದ್ರೆ 196 ಬರತ್ತೆ. ಟಿವಿ ಎದುರು ನಿಂತು ಮಾಡಿದ್ರೆ 148. ಅದೇ ಟಿವಿಯಲ್ಲಿ ಟೆಸ್ಟ್ ಆಪ್ ಹಾಕಿ ನೋಡಿದ್ರೆ 22, ಕೆಲವು ಸಲ 18. 4ಕೆ ವಿಡಿಯೊ ಹಾಕಿದ್ರೆ ಹತ್ತು ನಿಮಿಷಕ್ಕೊಂದ್ಸಲ ನಿಂತು ಚಕ್ರ ತಿರುಗತ್ತೆ. ಬೇಸಿಗೆಯಲ್ಲಿ ಹೀಗಿರಲಿಲ್ಲ. ಲೈನ್ ಕೊಟ್ಟೋರಿಗೆ ಫೋನ್ ಮಾಡಿದ್ರೆ "ನಿಮ್ಮ ಫೋನಲ್ಲೇ 148 ತೋರಿಸ್ತಿದೆಯಲ್ಲ, ನಮ್ಮ ಕಡೆ ಎಲ್ಲ ಸರಿ ಇದೆ" ಅಂತಾರೆ. ಯಾರ ತಪ್ಪು ಇದು?

ಅಡಿಕೆ ಸಿಪ್ಪೆ
ಲೈನ್ ಕೊಡೋರದ್ದೇ ಆಟ ಸಾರ್. ಸ್ಪೀಡ್ ಟೆಸ್ಟ್ ಆಪ್ ತೆಗೆದ ಕೂಡಲೆ ಗೇಟ್ ತೆಗೀತಾರೆ, ವಿಡಿಯೊ ಹಾಕಿದ ಕೂಡಲೆ ಮುಚ್ತಾರೆ. ಎಲ್ಲರಿಗೂ ಗೊತ್ತಿರೋ ವಿಷಯ.

ಗಾಜನೂರು ಗಾಳಿ
ಟಿವಿಯ ಪ್ರೊಸೆಸರ್ ಫೋನಿನಷ್ಟು ಚುರುಕಿರಲ್ಲ. ಟಿವಿಯ ಬ್ರೌಸರ್‌ನಲ್ಲಿ ಟೆಸ್ಟ್ ಮಾಡಿದ್ರೆ ಅದಕ್ಕೇ ಲೆಕ್ಕ ಹಾಕಿ ಮುಗಿಯಲ್ಲ, ನಂಬರ್ ಕಮ್ಮಿ ಬರತ್ತೆ. ಹಾಗಾಗಿ ಟಿವಿ ತೋರಿಸೋ 22 ಸುಳ್ಳು, ಫೋನ್ ತೋರಿಸೋ 148 ನಿಜ. ಟಿವಿ ಟೆಸ್ಟ್ ಮರೆತುಬಿಡಿ.

ಮಳೆಗಾಲದ ಮನೆ
@ಅಡಿಕೆ ಸಿಪ್ಪೆ ಸಾರ್ ಅಲ್ಲ, ಮೇಡಂ. @ಗಾಜನೂರು ಗಾಳಿ ಟಿವಿ ಟೆಸ್ಟ್ ಸುಳ್ಳಾದ್ರೆ ವಿಡಿಯೊ ಯಾಕೆ ನಿಲ್ಲತ್ತೆ? ಅದಂತೂ ನಿಜವಾಗ್ಲೂ ನಿಲ್ತಾ ಇದೆ.

ಸಾಗರದ ಸೋಗೆ
ನಮ್ಮಲ್ಲೂ ಇದೇ ಸಮಸ್ಯೆ. ಜೋರು ಮಳೆ ಬಂತು ಅಂದ್ರೆ ಟಿವಿ ಚಿತ್ರ ಚೌಕ ಚೌಕ ಆಗಿ ಒಡೆದು "ಸಿಗ್ನಲ್ ಇಲ್ಲ" ಅಂತ ಬರತ್ತೆ. ಮಾಡಿನ ಮೇಲಿನ ಡಿಶ್ ತಿರುಗಿಸಿ ನೋಡಿದೆ, ಉಪಯೋಗ ಇಲ್ಲ. ಫೋನಲ್ಲಿ ಮಾತ್ರ ನೆಟ್ ಚೆನ್ನಾಗೇ ಇರತ್ತೆ.

ಕ್ರಿಂಪಿಂಗ್ ಕೈ
@ಸಾಗರದ ಸೋಗೆ ಅಣ್ಣ, ನಿಮ್ಮದು ಬೇರೆ ಕತೆ. ಡಿಶ್‌ಗೆ ಬರೋದು ಉಪಗ್ರಹದ ಸಿಗ್ನಲ್ಲು, ದಟ್ಟ ಮಳೆ ಅದನ್ನ ದಾರೀಲೇ ಹೀರಿಬಿಡತ್ತೆ. ಇಂಟರ್ನೆಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಮಳೆ ಇಲ್ಲದಾಗಲೂ ಒಡೆದ್ರೆ ಡಿಶ್ ಬಾಯಿಗೆ ಕೂರಿಸಿರೋ ಡಬ್ಬಿಯ ಸ್ಕ್ರೂ ಜಾಗಕ್ಕೆ ನೀರು ಹೋಗಿದೆಯಾ ನೋಡಿ. ಮಳೆಗಾಲ ಮುಗಿಯೋ ತನಕ ಡಿಶ್ ಮಾತ್ರ ತಿರುಗಿಸೋಕೆ ಹೋಗ್ಬೇಡಿ, ಸರಿ ಇದ್ದದ್ದೂ ಹಾಳಾಗತ್ತೆ.

ಈಗ ಮೇಡಂ ಪ್ರಶ್ನೆಗೆ. 196, 148, 22 ಈ ಮೂರೂ ನಿಜವೇ, ಆದ್ರೆ ಅಳೆದಿರೋದು ಮೂರು ಬೇರೆ ಬೇರೆ ವಸ್ತು. ಫೋನಲ್ಲಿ ಟೆಸ್ಟ್ ಮಾಡಿದ್ರೆ ಲೈನಿನ ಜೊತೆ ಫೋನಿನ ಆಂಟೆನಾನೂ ಅಳೆದ ಹಾಗೆ. ಟಿವಿಯ ಆಂಟೆನಾ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಮಧ್ಯಮ ಬೆಲೆಯ ಫೋನಲ್ಲೂ ಈಗ ಎರಡು ಆಂಟೆನಾ, 5 ಗಿಗಾಹರ್ಟ್ಸ್ ವೈಫೈ ಇರತ್ತೆ, ರೂಟರ್ ಜೊತೆ 866 ಎಂಬಿಪಿಎಸ್‌ನ ಲಿಂಕ್ ಆಗತ್ತೆ. ಕಮ್ಮಿ ಬೆಲೆಯ ಟಿವಿಯಲ್ಲಿ ಎಷ್ಟೋ ಸಲ ಒಂದೇ ಆಂಟೆನಾ. ಅದು 2.4 ಗಿಗಾಹರ್ಟ್ಸ್‌ನಲ್ಲಿ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಕಟ್ಟೋ ಲಿಂಕ್ ಹೆಚ್ಚಂದ್ರೆ 72. ಲಿಂಕ್ 72 ಅಂದ್ರೆ ಕೈಗೆ ಸಿಗೋದು 40–45, ಅದೂ ಎದುರಾ ಬದುರಾ ಇದ್ದಾಗ. ಗೋಡೆ ಅಡ್ಡ ಬಂದ್ರೆ ಲಿಂಕು ಮೆಟ್ಟಿಲಿಳಿದ ಹಾಗೆ 72ರಿಂದ 52, 39, 26 ಅಂತ ಇಳೀತಾ ಹೋಗತ್ತೆ. ನಿಮ್ಮ 22 ಸುಮಾರಾಗಿ 39ರ ಮೆಟ್ಟಿಲಿನ ಫಲ ಇರಬೇಕು.

ಆದ್ರೆ ಇದು ಊಹೆ. ಸಾಬೀತು ಮಾಡೋಕೆ ಮೂರು ಟೆಸ್ಟ್ ಮಾಡಿ.

ಮೊದಲನೇದು, ಫೋನನ್ನ ಕೈಯಲ್ಲಿ ಹಿಡ್ಕೊಂಡು ಟಿವಿ ಎದುರು ನಿಲ್ಲಬೇಡಿ. ಟಿವಿಯ ಹಿಂದೆ, ಪ್ಯಾನಲ್ಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಇಟ್ಟು ಟೆಸ್ಟ್ ಮಾಡಿ. ಟಿವಿಯ ಆಂಟೆನಾ ಇರೋದು ಅಲ್ಲಿ, ನೀವು ನಿಂತ ಜಾಗದಲ್ಲಲ್ಲ. ಎದುರು ಮುಖದಿಂದ ಬರೋ ಅಲೆಗೆ ಟಿವಿಯ ಲೋಹದ ತಗಡೇ ಅಡ್ಡ ನಿಲ್ಲತ್ತೆ.

ಎರಡನೇದು, ರೂಟರ್ ಸೆಟ್ಟಿಂಗ್‌ನಲ್ಲಿ 2.4, 5 ಈ ಎರಡು ಬ್ಯಾಂಡಿಗೆ ಎರಡು ಹೆಸರು ಕೊಡಿ. ಈಗ ಎರಡಕ್ಕೂ ಒಂದೇ ಹೆಸರು ಇರತ್ತೆ, ಯಾರು ಎಲ್ಲಿಗೆ ಅಂಟಿದಾರೆ ಗೊತ್ತಾಗಲ್ಲ. 5ರದ್ದಕ್ಕೆ ಹೆಸರಿನ ಕೊನೆಗೆ -5G ಸೇರಿಸಿ. ಆಮೇಲೆ ಫೋನನ್ನ ಬೇಕಂತಲೇ 2.4ಕ್ಕೆ ಹಾಕಿ, ಅದೇ ಸಂದಿಯಲ್ಲಿ ಇಟ್ಟು ಮತ್ತೆ ಅಳೀರಿ.

ಮೂರನೇದು, ಎಲ್ಲಾ ಟೆಸ್ಟೂ ಒಂದೇ ಸೈಟಿನಲ್ಲಿ ಮಾಡಿ. ಫೋನಲ್ಲಿ ಒಂದು ಆಪ್, ಟಿವಿಯಲ್ಲಿ ಇನ್ನೊಂದು ಆಪ್ ಅಂದ್ರೆ ಹೋಲಿಕೆಗೆ ಅರ್ಥ ಇಲ್ಲ. fast.com ಎರಡರಲ್ಲೂ ಸಿಗತ್ತೆ, ಅದು ನೆಟ್‌ಫ್ಲಿಕ್ಸ್‌ನ ಸರ್ವರಿನಿಂದಲೇ ಎಳೆಯತ್ತೆ, ಅಂದ್ರೆ ವಿಡಿಯೊ ನಿಜವಾಗಿ ಬರೋ ದಾರಿಗೆ ಹತ್ತಿರ.

@ಗಾಜನೂರು ಗಾಳಿ ಬ್ರೌಸರ್ ವಿಷಯ ನೀವು ಹೇಳಿದ್ದು ಸರಿ, ಟಿವಿ ಬ್ರೌಸರ್ ನಿಜಕ್ಕಿಂತ ಕಮ್ಮಿ ತೋರಿಸಬಹುದು. ಆದ್ರೆ ಅವರು ಹಾಕಿದ್ದು ಆಪ್, ಜೊತೆಗೆ ವಿಡಿಯೊ ನಿಲ್ತಾ ಇದೆ. ಸಾಕ್ಷಿ ಎರಡಿದ್ದಾಗ ಒಂದನ್ನ ತಳ್ಳಿಹಾಕೋಕಾಗಲ್ಲ.

ಗಾಜನೂರು ಗಾಳಿ
ಸರಿ ಒಪ್ಪಿದೆ. ಹಾಗಾದ್ರೆ ಟಿವಿ ಪಕ್ಕ ಒಂದು ರಿಪೀಟರ್ ಚುಚ್ಚಿದ್ರೆ ಮುಗೀತಲ್ಲ? ಕಡ್ಡಿ ಪೂರ್ತಿ ಬರತ್ತೆ.

ಕ್ರಿಂಪಿಂಗ್ ಕೈ
ಕಡ್ಡಿ ಪೂರ್ತಿ ಬರತ್ತೆ, ನಿಜ. ಆದ್ರೆ ಆ ಕಡ್ಡಿ ತೋರಿಸೋದು ಟಿವಿಗೂ ರಿಪೀಟರ್‌ಗೂ ನಡುವಿನ ನಂಟನ್ನ. ರಿಪೀಟರ್‌ನಿಂದ ಜಗಲಿಯ ರೂಟರ್‌ಗೆ ಅದೇ ಗೋಡೆ ದಾಟಬೇಕಲ್ಲ ಮಾರಾಯ್ರೆ. ಅದರ ಮೇಲೆ ಸಾದಾ ರಿಪೀಟರ್ ಕೇಳೋದೂ ಅದೇ ಚಾನೆಲ್‌ನಲ್ಲಿ, ಹೇಳೋದೂ ಅದೇ ಚಾನೆಲ್‌ನಲ್ಲಿ, ಸಿಗೋ ವೇಗ ಅರ್ಧ ಆಗತ್ತೆ. ಇಡೋದೇ ಆದ್ರೆ ಬಾಗಿಲಿನ ನೇರಕ್ಕೆ ಇಡಬೇಕು, ಟಿವಿ ಪಕ್ಕ ಅಲ್ಲ.

ಮಳೆಗಾಲದ ಮನೆ
ಮಾಡಿದೆ. fast.com, ಎಲ್ಲಾ ಮೂರು ಮೂರು ಸಲ, ನಡುವಿನ ನಂಬರ್ ಹಾಕ್ತಿದೀನಿ.
ಜಗಲಿ, ಫೋನು, 5ರಲ್ಲಿ: 190.
ಟಿವಿ ಹಿಂದಿನ ಸಂದಿ, ಫೋನು, 5ರಲ್ಲಿ: 90.
ಅದೇ ಸಂದಿ, ಫೋನು, 2.4ರಲ್ಲಿ: 44.
ಟಿವಿ: 22.
ಇನ್ನೊಂದು ವಿಚಿತ್ರ. ಹೆಸರು ಬೇರೆ ಮಾಡಿದ ಮೇಲೆ ಟಿವಿಯ ಪಟ್ಟಿಯಲ್ಲಿ -5G ಹೆಸರೇ ಕಾಣ್ತಿಲ್ಲ. ಟಿವಿಯ ಡಬ್ಬಿ ಮೇಲೆ ಮಾತ್ರ "ಡ್ಯುಯಲ್ ಬ್ಯಾಂಡ್" ಅಂತ ದಪ್ಪ ಅಕ್ಷರದಲ್ಲಿದೆ.

ಅಡಿಕೆ ಸಿಪ್ಪೆ
ನೋಡಿ, ಡಬ್ಬಿ ಮೇಲೂ ಸುಳ್ಳು.

ಕ್ರಿಂಪಿಂಗ್ ಕೈ
ತಾಳಿ, ಡಬ್ಬಿ ಮೇಲೆ ಇರೋದು ನಿಜವೇ ಇರಬಹುದು.

ಮೊದಲು ನಂಬರ್ ಓದೋಣ. ಜಗಲಿಯಲ್ಲಿ 190 ಬಂತು ಅಂದ್ರೆ ಲೈನ್ ಸರಿ ಇದೆ, ಲೈನ್ ಕೊಟ್ಟೋರನ್ನ ಬಿಟ್ಟುಬಿಡಿ. 190ರಿಂದ 90ಕ್ಕೆ ಇಳಿಸಿದ್ದು ಜಂಬಿಟ್ಟಿಗೆ ಮತ್ತು ಟಿವಿ ಹಿಂದಿನ ಜಾಗ. 90ರಿಂದ 44ಕ್ಕೆ ಇಳಿಸಿದ್ದು ಬ್ಯಾಂಡು. 44ರಿಂದ 22ಕ್ಕೆ ಇಳಿಸಿದ್ದು ಟಿವಿಯ ಒಂಟಿ ಆಂಟೆನಾ: ಅದೇ ಜಾಗ, ಅದೇ ಬ್ಯಾಂಡು, ಬದಲಾಗಿದ್ದು ಸಾಧನ ಮಾತ್ರ. ಹೀಗೆ ಒಂದೊಂದೇ ಬದಲಿಸ್ತಾ ಹೋದ್ರೆ ತಪ್ಪು ಯಾರದ್ದು ಅನ್ನೋದಕ್ಕೆ ಪಾಲು ಪಾಲಾಗಿ ಉತ್ತರ ಸಿಗತ್ತೆ.

ಈಗ ಟಿವಿಗೆ 5 ಯಾಕೆ ಕಾಣಲ್ಲ ಅಂತ. 5 ಗಿಗಾಹರ್ಟ್ಸ್ ಅಂದ್ರೆ ಒಂದೇ ದಾರಿ ಅಲ್ಲ, ಹಲವು ಚಾನೆಲ್. 36ರಿಂದ 48ರವರೆಗಿನವು, ಮತ್ತೆ 149ರಿಂದ ಮೇಲಿನವು ಎಲ್ಲ ಸಾಧನಕ್ಕೂ ಸಲೀಸು. ನಡುವಿನ 52ರಿಂದ 144ರವರೆಗಿನವನ್ನ ಹವಾಮಾನ ರೇಡಾರ್‌ನಂಥವೂ ಬಳಸ್ತವೆ. ಆ ಜಾಗಕ್ಕೆ ಹೋಗೋ ರೂಟರ್ ಮೊದಲು ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟು ಕೇಳಬೇಕು, ರೇಡಾರ್ ಇಲ್ಲ ಅಂತ ಖಾತ್ರಿ ಆದ ಮೇಲೇ ಬಾಯಿ ತೆಗೀಬೇಕು. ಅದು ನಿಯಮ. ಕೆಲವು ಟಿವಿಗಳು ಈ ನಡುವಿನ ಚಾನೆಲ್‌ಗಳ ಗೊಡವೆಗೇ ಹೋಗಲ್ಲ, ಅಲ್ಲಿ ವೈಫೈ ಇದ್ರೂ ಅವಕ್ಕೆ ಕಾಣಲ್ಲ. ಫೋನ್‌ಗೆ ಕಾಣತ್ತೆ.

ರೂಟರ್‌ನಲ್ಲಿ 5ರ ಚಾನೆಲ್ "ಆಟೊ" ಅಂತ ಇರತ್ತೆ, ಈಗ ಯಾವುದರಲ್ಲಿ ಕೂತಿದೆ ನೋಡಿ. 100ರ ಆಸುಪಾಸಿನಲ್ಲಿ ಇದ್ರೆ ಅದನ್ನ ತೆಗೆದು 36 ಅಂತ ಕೈಯಾರೆ ಹಾಕಿ. ಟಿವಿ ಆಫ್ ಮಾಡಿ ಅಲ್ಲ, ಪ್ಲಗ್ ಕಿತ್ತು ಮತ್ತೆ ಹಾಕಿ. ಆಗಲೂ ಕಾಣದಿದ್ರೆ ಟಿವಿಗೆ 5 ಇಲ್ಲ ಅಂತ ಒಪ್ಪೋಣ.

ಮಳೆಗಾಲದ ಮನೆ
100ರಲ್ಲೇ ಇತ್ತು! 36 ಹಾಕಿದೆ, ಟಿವಿಗೆ -5G ಕಾಣಿಸ್ತು, ಸೇರಿಸಿದೆ. fast.com ಟಿವಿಯಲ್ಲಿ 71. 4ಕೆ ಅರ್ಧ ಗಂಟೆ ನಿಲ್ಲದೆ ಓಡ್ತು. ಆದ್ರೆ ನನಗೆ ಅರ್ಥ ಆಗದ್ದು, ಬೇಸಿಗೆಯಲ್ಲಿ ಇದೇ ರೂಟರ್, ಇದೇ ಟಿವಿ, ಸರಿ ಇತ್ತಲ್ಲ?

ಹೊಸನಗರ ಹೊಳೆ
ಗೋಡೆ ಅಕ್ಕ, ಗೋಡೆ. ಜಂಬಿಟ್ಟಿಗೆ ನೀರು ಕುಡಿಯೋ ಕಲ್ಲು. ಜೂನ್‌ನಿಂದ ಶುರುವಾಗಿ ಕಾರ್ತಿಕದ ತನಕ ಒದ್ದೆ. ಒದ್ದೆ ಗೋಡೆ ಅಲೆಯನ್ನ ಜಾಸ್ತಿ ಹೀರತ್ತೆ.

ಕ್ರಿಂಪಿಂಗ್ ಕೈ
ಒದ್ದೆ ಕಲ್ಲು ಜಾಸ್ತಿ ಹೀರತ್ತೆ ಅನ್ನೋದು ಸರಿ. ಆದ್ರೆ ಅವರದ್ದು ಜಗಲಿಗೂ ನಡುಮನೆಗೂ ನಡುವಿನ ಒಳಗೋಡೆ, ಅದಕ್ಕೆ ಮಳೆ ಎರಚಲು ಬಡಿಯಲ್ಲ. ನನಗೆ ಅನುಮಾನ ಇರೋದು ಕರೆಂಟಿನ ಮೇಲೆ.

ಮಳೆಗಾಲದಲ್ಲಿ ನಮ್ಮ ಕಡೆ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗತ್ತೆ ಲೆಕ್ಕ ಇಟ್ಟೋರುಂಟಾ? ಕರೆಂಟ್ ಬಂದ ಕೂಡಲೆ ರೂಟರ್ ಹೊಸದಾಗಿ ಎದ್ದೇಳತ್ತೆ, ಆಟೊ ಅಂತ ಇದ್ರೆ ಚಾನೆಲ್ ಕೂಡ ಹೊಸದಾಗಿ ಆರಿಸ್ಕೊಳ್ಳತ್ತೆ. ಒಂದು ಸಲ 36ಕ್ಕೆ ಬಿತ್ತು, ಇನ್ನೊಂದು ಸಲ 100ಕ್ಕೆ. 100ಕ್ಕೆ ಬಿದ್ದ ಸಲ ಆ ಒಂದು ನಿಮಿಷದ ಮೌನ ಇದೆಯಲ್ಲ, ಆ ಹೊತ್ತಿಗೆ 2.4 ಆಗಲೇ ತಯಾರಾಗಿರತ್ತೆ. ಎರಡಕ್ಕೂ ಹೆಸರು ಒಂದೇ. ಟಿವಿ ಹೋಗಿ 2.4ಕ್ಕೆ ಅಂಟ್ಕೊಳ್ಳತ್ತೆ, ಆಮೇಲೆ 5 ಬಂದ್ರೂ ಅದಕ್ಕೆ ಕಾಣಲ್ಲ. ಕಂಡ್ರೂ ತಾನಾಗಿ ಬಿಟ್ಟು ಬರೋ ಅಭ್ಯಾಸ ಬಹಳ ಟಿವಿಗಳಿಗೆ ಇಲ್ಲ, ಅದು ಕೂತಲ್ಲೇ ಕೂತಿರೋ ಸಾಧನ. ಫೋನ್ ಹಾಗಲ್ಲ, ನಿಮ್ಮ ಜೊತೆ ಮನೆ ತುಂಬ ಓಡಾಡತ್ತೆ, ಒಳ್ಳೇದು ಸಿಕ್ಕಲ್ಲಿಗೆ ಹಾರತ್ತೆ. ಹಾಗಾಗಿ ಫೋನಲ್ಲಿ ಯಾವತ್ತೂ 148, ಟಿವಿಯಲ್ಲಿ ಕರೆಂಟ್ ಹೋಗಿ ಬಂದ ದಿನ 22.

ಪರೀಕ್ಷೆ ಸುಲಭ. ಎರಡು ಹೆಸರನ್ನ ಮತ್ತೆ ಒಂದು ಮಾಡಿ, ಚಾನೆಲ್ 36ರಲ್ಲೇ ಇರಲಿ. ರೂಟರ್ ಸ್ವಿಚ್ ತೆಗೆದು ಹಾಕಿ, ಟಿವಿ ಎಲ್ಲಿಗೆ ಸೇರತ್ತೆ ನೋಡಿ. ಆಮೇಲೆ 100ರಲ್ಲಿಟ್ಟು ಅದೇ ಮಾಡಿ. ಟಿವಿ ಯಾವ ಬ್ಯಾಂಡಿನಲ್ಲಿದೆ ಅಂತ ಟಿವಿ ಹೇಳದಿದ್ರೂ ರೂಟರಿನ ಸಾಧನಗಳ ಪಟ್ಟಿಯಲ್ಲಿ ಇರತ್ತೆ.

ಮಳೆಗಾಲದ ಮನೆ
ಮಾಡಿದೆ, ತಲಾ ಐದು ಸಲ. 36ರಲ್ಲಿ: ನಾಲ್ಕು ಸಲ 5ಕ್ಕೆ ಸೇರ್ತು, ಒಂದು ಸಲ 2.4ಕ್ಕೆ. 100ರಲ್ಲಿ: ಐದಕ್ಕೆ ಐದೂ ಸಲ 2.4. ಹೆಸರು ಬೇರೆ ಬೇರೆ ಇಟ್ಟು ಟಿವಿಯಲ್ಲಿ 2.4ರ ಹೆಸರನ್ನ ಮರೆಸಿಬಿಟ್ಟೆ. ಈಗ ಹೋಗೋಕೆ ಬೇರೆ ಜಾಗವೇ ಇಲ್ಲ ಅದಕ್ಕೆ.

ಅಡಿಕೆ ಸಿಪ್ಪೆ
ಇರಲಿ, ಆದ್ರೂ ರಾತ್ರಿ ಎಂಟರ ಮೇಲೆ ನಮ್ಮನೇಲಿ ಸ್ಪೀಡ್ ಟೆಸ್ಟ್ 95 ತೋರಿಸತ್ತೆ, ವಿಡಿಯೊ ಮಾತ್ರ ಮಂಕು. ರೂಟರಿಂದ ಟಿವಿಗೆ ಕೇಬಲ್ ಹಾಕಿದೀನಿ, ವೈಫೈ ಕತೆ ಹೇಳ್ಬೇಡಿ.

ಕ್ರಿಂಪಿಂಗ್ ಕೈ
ಹೇಳಲ್ಲ. ನೀವು ಹೇಳೋದರಲ್ಲೂ ಒಂದಿಷ್ಟು ನಿಜ ಇದೆ. ಸ್ಪೀಡ್ ಟೆಸ್ಟ್ ಆಪ್ ತನಗೆ ಹತ್ತಿರದ ಸರ್ವರ್ ಆರಿಸ್ಕೊಳ್ಳತ್ತೆ. ಎಷ್ಟೋ ಸಲ ಅದು ಲೈನ್ ಕೊಟ್ಟೋರ ಕಂಪನಿಯದ್ದೇ ಇರತ್ತೆ, ಮೇಲಾಗಿ ಒಟ್ಟಿಗೆ ಹಲವು ಕನೆಕ್ಷನ್ ತೆಗೆದು ಎಳೆಯತ್ತೆ. ವಿಡಿಯೊ ಬರೋದು ಬೇರೆ ಕಂಪನಿಯ ಸರ್ವರಿನಿಂದ. ಎರಡು ಕಂಪನಿಗಳ ಜಾಲ ಸೇರೋ ಜಾಗದಲ್ಲಿ ಸಂಜೆ ಸಂತೆ ಆದ್ರೆ ವಿಡಿಯೊಗೆ ಹೊಡೆತ ಬೀಳತ್ತೆ, ಟೆಸ್ಟ್‌ಗೆ ಬೀಳಲ್ಲ. ಗೇಟ್ ಮುಚ್ಚಿದಾರೆ ಅಂತ ಹೇಳೋಕೆ ಇಷ್ಟು ಸಾಲದು.

ಯೂಟ್ಯೂಬ್‌ನಲ್ಲಾದ್ರೆ ವಿಡಿಯೊ ಓಡ್ತಿರುವಾಗ ಸೆಟ್ಟಿಂಗ್‌ನ ಗಾಲಿ ಒತ್ತಿ Stats for nerds ತೆಗೀರಿ. ನೋಡಬೇಕಾದ್ದು Buffer Health, ಅದು ಸೆಕೆಂಡಿನ ಲೆಕ್ಕ: ಇನ್ನೆಷ್ಟು ಸೆಕೆಂಡಿನ ವಿಡಿಯೊ ಟಿವಿಯ ಹೊಟ್ಟೆಯಲ್ಲಿ ಇದೆ ಅಂತ. 20, 30 ಇದ್ದು ಅಲ್ಲೇ ನಿಂತಿದ್ರೆ ಆರಾಮ. ಇಳೀತಾ ಇಳೀತಾ ಸೊನ್ನೆ ಕಡೆ ಬಂದ್ರೆ ಈಗ ಚಕ್ರ ತಿರುಗತ್ತೆ ಅಂತ ಲೆಕ್ಕ. Network Activity ನಡುನಡುವೆ ಸೊನ್ನೆ ಆಗತ್ತೆ, ಅದಕ್ಕೆ ಹೆದರಬೇಡಿ. ವಿಡಿಯೊ ತುಂಡು ತುಂಡಾಗಿ ಬರತ್ತೆ, ಒಂದು ತುತ್ತು ತಿಂದು ಸುಮ್ಮನಿರತ್ತೆ, ಆಮೇಲೆ ಇನ್ನೊಂದು ತುತ್ತು. ಹಗಲು ಒಂದ್ಸಲ, ರಾತ್ರಿ ಒಂಬತ್ತಕ್ಕೆ ಒಂದ್ಸಲ ಅದೇ ವಿಡಿಯೊದಲ್ಲಿ ಫೋಟೊ ತೆಗೆದು ಹಾಕಿ.

ಅಡಿಕೆ ಸಿಪ್ಪೆ
ಹಾಕ್ತೀನಿ. ಆದ್ರೆ 100ರ ಪ್ಲಾನಿಂದ 200ಕ್ಕೆ ಏರಿಸಿದೀನಿ, ಕೇಬಲ್ಲಲ್ಲಿ 95ರ ಮೇಲೆ ಏಳೋದೇ ಇಲ್ಲ. ಇದಕ್ಕೂ ಸಂತೆನಾ?

ಕೊಪ್ಪದ ಕಾಫಿ
ಅದು ಟಿವಿಯ ಹಿಂದಿನ ಲ್ಯಾನ್ ಪೋರ್ಟು. ಬಹುತೇಕ ಟಿವಿಗಳಿಗೆ, ದುಬಾರಿಯವಕ್ಕೂ, 100ರ ಪೋರ್ಟೇ ಕೊಡೋದು. ಅದರಲ್ಲಿ 93–95ರ ಮೇಲೆ ಬಂದ್ರೆ ನನಗೆ ತೋರಿಸಿ. 4ಕೆ ವಿಡಿಯೊಗೆ ನೆಟ್‌ಫ್ಲಿಕ್ಸ್ ಕೇಳೋದು 15, ಯೂಟ್ಯೂಬ್ ಹೇಳೋದು 20. ಹಾಗಾಗಿ 95 ಬೇಕಾದಷ್ಟಾಯ್ತು. ನನಗೆ ತೊಂದರೆ ಆಗಿದ್ದು ಮನೆಯ ಹಾರ್ಡ್ ಡಿಸ್ಕಿನಲ್ಲಿರೋ 4ಕೆ ಬ್ಲೂ-ರೇ ಫೈಲಿಗೆ ಮಾತ್ರ. ಅದು ಕೆಲವು ದೃಶ್ಯಗಳಲ್ಲಿ 100 ದಾಟತ್ತೆ, ಅಲ್ಲಿ ಸಿಕ್ಕಾಕ್ಕೊಳ್ಳತ್ತೆ. ಟಿವಿಯ ಯುಎಸ್‌ಬಿಗೆ ಗಿಗಾಬಿಟ್ ಅಡಾಪ್ಟರ್ ಹಾಕಿದೆ, ಯುಎಸ್‌ಬಿ 2 ಆದ್ರೂ 300ರ ಹತ್ತಿರ ಸಿಗತ್ತೆ. ಎಲ್ಲ ಟಿವಿಯೂ ಅಡಾಪ್ಟರನ್ನ ಗುರುತಿಸಲ್ಲ, ವಾಪಸ್ ತಗೊಳ್ಳೋ ಅಂಗಡಿಯಲ್ಲೇ ತಗೊಳ್ಳಿ.

ಕ್ರಿಂಪಿಂಗ್ ಕೈ
ಹೌದು. ಒಂದು ಎಚ್ಚರಿಕೆ: ಕೇಬಲ್ಲಿನ ಎಂಟು ತಂತಿಯಲ್ಲಿ ಒಂದು ಸರಿ ಕೂರದಿದ್ರೂ ಗಿಗಾಬಿಟ್ ಲಿಂಕು 100ಕ್ಕೆ ಇಳಿದುಬಿಡಬಹುದು. ಅಟ್ಟದ ಮೇಲೆ ಎಳೆದ ತಂತಿಗೆ ಇಲಿ ಬಾಯಿ ಹಾಕಿದ್ರೂ ಅಷ್ಟೇ. ಹಾಗಾಗಿ 95 ಕಂಡ ಕೂಡಲೆ ಟಿವಿಯನ್ನೇ ಬೈಬೇಡಿ. ಅದೇ ಕೇಬಲನ್ನ ಟಿವಿಯಿಂದ ಕಿತ್ತು ಗಿಗಾಬಿಟ್ ಪೋರ್ಟಿರೋ ಲ್ಯಾಪ್‌ಟಾಪಿಗೆ ಹಾಕಿ. ಅಲ್ಲಿ 190 ಬಂದ್ರೆ ಟಿವಿ ಪೋರ್ಟು, ಅಲ್ಲೂ 95 ಬಂದ್ರೆ ಕೇಬಲ್ಲು ಅಥವಾ ರೂಟರಿನ ಪೋರ್ಟು. ಇಂಟರ್ನೆಟ್ ಬಿಟ್ಟು ಮನೆಯೊಳಗಿನ ದಾರಿಯನ್ನಷ್ಟೇ ಅಳೀಬೇಕು ಅನ್ನೋರು ಎರಡು ಕಂಪ್ಯೂಟರಿಗೂ iperf3 ಅನ್ನೋ ವೇಗ ಅಳೆಯೋ ಪ್ರೋಗ್ರಾಂ ಹಾಕ್ಕೊಂಡು, ರೂಟರಿಗೆ ಕೇಬಲ್ ಹಾಕಿದ ಒಂದು ಕಂಪ್ಯೂಟರಿನಲ್ಲಿ ಮೊದಲ ಸಾಲು ಓಡಿಸಿ, ಪರೀಕ್ಷೆ ಮಾಡೋ ಲ್ಯಾಪ್‌ಟಾಪಿನಲ್ಲಿ ಎರಡನೇದು. ವಿಳಾಸ ನಿಮ್ಮ ಕಂಪ್ಯೂಟರಿನದ್ದು ಹಾಕ್ಕೊಳ್ಳಿ.

```
iperf3 -s
iperf3 -c 192.168.1.10 -t 30 -R
```

ಸಾಗರದ ಸೋಗೆ
ಡಿಶ್ ಡಬ್ಬಿಯ ಸ್ಕ್ರೂ ಜಾಗ ಬಿಚ್ಚಿ ನೋಡಿದೆ, ಹಸಿರು ಕಿಲುಬು. ಕತ್ತರಿಸಿ ಹೊಸ ಪಿನ್ ಹಾಕ್ಸಿದೆ. ಜೋರು ಮಳೆಗೆ ಈಗಲೂ ಹೋಗತ್ತೆ, ಜಿಟಿಜಿಟಿಗೆ ಹೋಗಲ್ಲ.

ಗಾಜನೂರು ಗಾಳಿ
ಎಲ್ಲರೂ 2.4ರಲ್ಲಿ ಚಾನೆಲ್ 1, 6, 11ರಲ್ಲಿ ಒಂದು ಹಾಕಿ ಅಂತಾರೆ. ಅಕ್ಕನೂ ಹಾಕಬಹುದಿತ್ತಲ್ಲ?

ಕ್ರಿಂಪಿಂಗ್ ಕೈ
ಶಿವಮೊಗ್ಗ ಪೇಟೆಯೊಳಗೆ, ಒತ್ತೊತ್ತಾಗಿ ಮನೆ ಇರೋ ಕಡೆ ಅದು ದೊಡ್ಡ ವಿಷಯ. ಪಕ್ಕದ ಹತ್ತು ಮನೆಯ ವೈಫೈ ಗದ್ದಲ ಇರತ್ತೆ. ತೋಟದ ನಡುವಿನ ಒಂಟಿ ಮನೆಯಲ್ಲಿ ಯಾರ ಗದ್ದಲ? ಅಲ್ಲಿ ಬೇಕಾದ್ರೆ 2.4ರ ಚಾನೆಲ್ ಅಗಲವನ್ನ 20ರಿಂದ 40 ಮೆಗಾಹರ್ಟ್ಸ್‌ಗೆ ಏರಿಸಿ ನೋಡಬಹುದು. ಟಿವಿ ಒಪ್ಪಿದ್ರೆ 72ರ ಲಿಂಕು 150 ಆಗತ್ತೆ. ಪೇಟೆಯಲ್ಲಿ ಮಾತ್ರ ಇದನ್ನ ಮಾಡ್ಬೇಡಿ, ನಿಮಗೂ ನಷ್ಟ, ಪಕ್ಕದವರಿಗೂ ನಷ್ಟ.

ಹೊಸನಗರ ಹೊಳೆ
ಒದ್ದೆ ಗೋಡೆ ವಿಷಯ ನಾನು ಬಿಡಲ್ಲ. ಒಳಗೋಡೆನೇ ಇರಲಿ, ಆಷಾಢದಲ್ಲಿ ನಮ್ಮನೆ ಒಳಗೋಡೆಗೆ ಕೈ ಇಟ್ರೆ ತಣ್ಣಗೆ ಒದ್ದೆ. ಬುಡದಿಂದಲೇ ತೇವ ಏರತ್ತೆ.

ಮಳೆಗಾಲದ ಮನೆ
ಈಗ ಚಾನೆಲ್ 36ರಲ್ಲಿ ಕಟ್ಟಿಹಾಕಿದೀನಿ, ಬ್ಯಾಂಡ್ ಬದಲಾಗಲ್ಲ. ಫೋನನ್ನ ಅದೇ ಸಂದಿಯಲ್ಲಿಟ್ಟು ವಾರಕ್ಕೊಂದು ಸಲ ಅಳೆದು ಕ್ಯಾಲೆಂಡರಿನಲ್ಲಿ ಬರೀತೀನಿ. ಇವತ್ತಿಂದು 88. ಮಾರ್ಚಿನಲ್ಲಿ ಗೋಡೆ ಒಣಗಿದ ಮೇಲೆ ಎಷ್ಟು ಬರತ್ತೆ ಅಂತ ಇಲ್ಲೇ ಹಾಕ್ತೀನಿ.

ಹೊಸನಗರ ಹೊಳೆ
ಹಾಕಿ ಅಕ್ಕ. ಫೋನ್ ಮಾತ್ರ ಬದಲಾಯಿಸ್ಬೇಡಿ ಅಷ್ಟರೊಳಗೆ.